ಮನೆಯವರೆಲ್ಲರಿಗೂ ಬರುತ್ತದೆ, ಇದೊಂದಕ್ಕೆ ಬರುವುದಿಲ್ಲ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಗ್ರಂಥಾಲಯದ ತನಕ ಬಂದಿದ್ದೀರಿ, ಹಾಗಾಗಿ ಪೀಠಿಕೆ ಇಲ್ಲದೆ ವಿಷಯಕ್ಕೆ ಬರುತ್ತೇನೆ.

ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಶುರುವಾಗುವುದು ಒಂದೇ ಮಾತಿನಿಂದ: "ನೆಟ್ ಬರ್ತಾ ಇಲ್ಲ ಮಾರಾಯ." ನಾನು ಮೊದಲು ಕೇಳುವುದು, "ಮನೆಯಲ್ಲಿ ಬೇರೆಯವರಿಗೆ ಬರ್ತಾ ಇದೆಯಾ?" ಯಾರಿಗೂ ಬರುತ್ತಿಲ್ಲ ಅಂದರೆ ತಪ್ಪು ರೂಟರಿನದು, ಇಲ್ಲವೇ ಹೊರಗಿನ ತಂತಿಯದು. ಆಗ ನಿಮ್ಮ ಮೊಬೈಲಿನಲ್ಲಿ ಏನು ಅಳಿಸಿದರೂ ಪ್ರಯೋಜನವಿಲ್ಲ. ಉಳಿದವರಿಗೆಲ್ಲ ಬಂದು ಒಂದಕ್ಕೆ ಮಾತ್ರ ಬರುತ್ತಿಲ್ಲ ಅಂದರೆ ಆ ಯಂತ್ರ ಯಾವುದೋ ಹಳೆಯ ವಿಷಯವನ್ನು ನೆನಪಿಟ್ಟುಕೊಂಡಿದೆ ಎಂಬ ಅನುಮಾನ ನನ್ನದು. ಇವತ್ತು ಹೇಳುವ ಮೂರು ಉಪಾಯಗಳೂ ಅದರ ನೆನಪು ಅಳಿಸುವ ಉಪಾಯಗಳೇ: ಒಂದು ವೈಫೈಯನ್ನು ಮರೆಸುವುದು, ನೆಟ್‌ವರ್ಕ್ ರಿಸೆಟ್ ಮಾಡುವುದು, ತಾಣಗಳ ವಿಳಾಸದ ನೆನಪಾದ ಡಿಎನ್‌ಎಸ್ ಕ್ಯಾಶ್ ಅಳಿಸುವುದು. ಯಾವುದನ್ನು ಒತ್ತಿದರೆ ಯಾವ ನೆನಪು ಹೋಗುತ್ತದೆ ಅನ್ನುವುದು ಗೊತ್ತಿಲ್ಲದೆ ಒತ್ತುವುದರಿಂದಲೇ ಫಜೀತಿ.

ಶಿರಸಿಯಲ್ಲಿ ನಮ್ಮ ಅತ್ತಿಗೆಯ ಮನೆ. ಹೋದ ವರ್ಷ ಸಿಡಿಲಿಗೆ ಅವರ ರೂಟರ್ ಸುಟ್ಟಿತು. ಕೇಬಲ್‌ನವನು ಹೊಸದನ್ನು ತಂದು ಕೂರಿಸಿದ. ಮನೆಯವರಿಗೆ ತೊಂದರೆ ಬೇಡವೆಂದು ವೈಫೈ ಹೆಸರನ್ನು ಹಳೆಯದನ್ನೇ ಇಟ್ಟ, ಪಾಸ್‌ವರ್ಡನ್ನು ಮಾತ್ರ ತನಗೆ ನೆನಪಿರುವ ಹಾಗೆ ಬದಲಿಸಿದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಅತ್ತಿಗೆಯ ಮೊಬೈಲಿಗೆ ಹೆಸರಷ್ಟೇ ಗೊತ್ತು. ಹೆಸರು ಕಂಡ ಕೂಡಲೇ ಹಳೆಯ ಪಾಸ್‌ವರ್ಡ್ ಕೊಡುತ್ತದೆ, ರೂಟರ್ ಒಲ್ಲೆ ಅನ್ನುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೊಡುತ್ತದೆ. ಬೀಗ ಬದಲಾದ ಬಾಗಿಲಿಗೆ ಹಳೆಯ ಕೀಲಿಕೈ ತಿರುಗಿಸಿದ ಹಾಗೆ.

ಇದಕ್ಕೆ ಸರಿಯಾದ ಮದ್ದು ಫರ್ಗೆಟ್ ಗುಂಡಿ. ವೈಫೈ ಪಟ್ಟಿಯಲ್ಲಿ ಆ ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ ಸಿಗುತ್ತದೆ. ಅದು ಅಳಿಸುವುದು ಆ ಒಂದು ನೆಟ್‌ವರ್ಕಿನ ಕಡತವನ್ನು ಮಾತ್ರ: ಹೆಸರು, ಪಾಸ್‌ವರ್ಡ್, ಯಾವ ಬಗೆಯ ಭದ್ರತೆ, ತಾನಾಗಿ ಸೇರಬೇಕೋ ಬೇಡವೋ. ಆಂಡ್ರಾಯ್ಡ್ ಮೊಬೈಲಿನಲ್ಲಿ ಆ ನೆಟ್‌ವರ್ಕಿಗೆಂದು ನೀವೇ ಕೈಯಾರೆ ಕೊಟ್ಟ ಐಪಿ ವಿಳಾಸ, ಪ್ರಾಕ್ಸಿ ಇದ್ದರೆ ಅವೂ ಹೋಗುತ್ತವೆ. ಫೋಟೋ, ವಾಟ್ಸಾಪ್, ಬೇರೆ ಊರಿನ ವೈಫೈಗಳು ಯಾವುದಕ್ಕೂ ಏನೂ ಆಗುವುದಿಲ್ಲ. ಅತ್ತಿಗೆಯ ಮೊಬೈಲ್ ಎರಡು ನಿಮಿಷದಲ್ಲಿ ಸರಿಯಾಯಿತು.

ಇಲ್ಲೊಂದು ಎಚ್ಚರಿಕೆ. ಮರೆಸುವ ಮುಂಚೆ ಪಾಸ್‌ವರ್ಡ್ ಕೈಯಲ್ಲಿರಲಿ. ಮರೆಸಿದ ಮೇಲೆ "ಅದನ್ನು ಹಾಕಿದವನು ದುಬೈಗೆ ಹೋಗಿದ್ದಾನೆ" ಅಂದರೆ ನಾನು ಏನು ಮಾಡಲಿ? ಮನೆಯ ಇನ್ನೊಂದು ಮೊಬೈಲ್ ಸೇರಿಕೊಂಡಿದ್ದರೆ, ಆಂಡ್ರಾಯ್ಡ್ 10 ಮತ್ತು ಅದರ ಮುಂದಿನವುಗಳಲ್ಲಿ ಆ ನೆಟ್‌ವರ್ಕನ್ನು ಒತ್ತಿ ಶೇರ್ ಅಂದರೆ ಕ್ಯೂಆರ್ ಕೋಡ್ ಬರುತ್ತದೆ, ಅದನ್ನು ತೋರಿಸಿದರೆ ಆಯಿತು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇದನ್ನು ಹಾಕಿ, ನಡುವಿನ ಜಾಗದಲ್ಲಿ ನಿಮ್ಮ ವೈಫೈ ಹೆಸರು:

```
netsh wlan show profile name="Mane" key=clear
```

ಹಾಸ್ಟೆಲು, ಕಚೇರಿಗಳಲ್ಲಿ ಇರುವವರಿಗೆ ಇನ್ನೊಂದು ಮಾತು. ಕೆಲವು ಕಡೆ ಮೊಬೈಲಿನ ಮ್ಯಾಕ್ ವಿಳಾಸವನ್ನು, ಅಂದರೆ ವೈಫೈಗೆ ಅದು ತೋರಿಸುವ ಗುರುತಿನ ಸಂಖ್ಯೆಯನ್ನು ಬರೆದುಕೊಂಡು, ಅದಿದ್ದರೆ ಮಾತ್ರ ಒಳಗೆ ಬಿಡುತ್ತಾರೆ. ಈಗಿನ ಮೊಬೈಲುಗಳು ಗುಟ್ಟು ಕಾಯಲು ಒಂದೊಂದು ನೆಟ್‌ವರ್ಕಿಗೆ ಒಂದೊಂದು ಕಲ್ಪಿತ ಮ್ಯಾಕ್ ವಿಳಾಸ ಕೊಡುತ್ತವೆ. ಮರೆಸಿ ಮತ್ತೆ ಸೇರಿದಾಗ ಆ ವಿಳಾಸ ಬದಲಾಗುವುದುಂಟು. ಆಗ ಪಾಸ್‌ವರ್ಡ್ ಸರಿಯಿದ್ದೂ ಒಳಗೆ ಬಿಡುವುದಿಲ್ಲ. ಮೊದಲಿದ್ದ ತೊಂದರೆಗಿಂತ ಮರೆಸಿದ ಮೇಲಿನ ತೊಂದರೆ ದೊಡ್ಡದಾಗುತ್ತದೆ.

ಈಗ ಅದೇ ಮನೆಯ ಲ್ಯಾಪ್‌ಟಾಪಿಗೆ ಬರೋಣ. ಅದು ಅಣ್ಣನದು, ಮನೆಯಿಂದಲೇ ಕಚೇರಿ ಕೆಲಸ. ಹೊಸ ಪಾಸ್‌ವರ್ಡ್ ಕೊಟ್ಟರೆ ಸೇರುತ್ತದೆ, ಆದರೆ "ಇಂಟರ್ನೆಟ್ ಇಲ್ಲ" ಅನ್ನುತ್ತದೆ. ಅಣ್ಣ ಮರೆಸಿ ಸೇರಿಸಿದ, ಮತ್ತೆ ಮರೆಸಿ ಸೇರಿಸಿದ. ಮೂರನೆಯ ಸಲಕ್ಕೆ ನನಗೆ ಫೋನು. ಪಕ್ಕದಲ್ಲೇ ಇದ್ದ ಅಳಿಯ ಆಗಲೇ "ನೆಟ್‌ವರ್ಕ್ ರಿಸೆಟ್ ಹೊಡೆಯೋಣ ಮಾವ" ಅನ್ನುತ್ತಿದ್ದ. ತಡೆಯಿರಿ ಅಂದೆ.

ಒಂದು ಪರೀಕ್ಷೆ ಹೇಳಿದೆ. ಅತ್ತಿಗೆಯ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ ನೋಡು. ಅಲ್ಲಿಯೂ ಇದೇ ಕಥೆ. ಇದು ದೊಡ್ಡ ಸುಳಿವು. ತಪ್ಪು ಆ ಒಂದು ವೈಫೈ ಕಡತದಲ್ಲಿದ್ದರೆ ಹಾಟ್‌ಸ್ಪಾಟಿನಲ್ಲಿ ನೆಟ್ ಬರಬೇಕಿತ್ತು. ಎಲ್ಲಿ ಸೇರಿದರೂ ಬರುವುದಿಲ್ಲ ಅಂದರೆ ತಪ್ಪು ಕಡತದಲ್ಲಲ್ಲ, ಅಡಾಪ್ಟರಿನಲ್ಲೇ, ಅಂದರೆ ಲ್ಯಾಪ್‌ಟಾಪಿನೊಳಗೆ ವೈಫೈ ಹಿಡಿಯುವ ಭಾಗದಲ್ಲೇ ಇದೆ. ಅಂದರೆ ಎಷ್ಟು ಸಲ ಮರೆಸಿದರೂ ಅದು ಹೋಗುವಂಥದ್ದಲ್ಲ. ಮತ್ತೆ ಮನೆಯ ವೈಫೈಗೇ ಸೇರಿಸಿ ಇದನ್ನು ಹಾಕಿ ಓದು ಅಂದೆ:

```
ipconfig /all
```

ಉದ್ದದ ಪಟ್ಟಿ ಬರುತ್ತದೆ, ಹೆದರಬೇಡಿ. ವೈಫೈ ಭಾಗದಲ್ಲಿ ಮೂರೇ ಸಾಲು ನೋಡಿದರೆ ಸಾಕು. ಅಣ್ಣ ಓದಿದ್ದು ಹೀಗೆ:

```
DHCP Enabled. . . . . : No
IPv4 Address. . . . . : 192.168.1.50
Default Gateway . . . : 192.168.1.1
```

ಅತ್ತಿಗೆಯ ಮೊಬೈಲಿನಲ್ಲಿ ನೋಡಿದರೆ ಅದರ ವಿಳಾಸ 192.168.0.103. ಮೂರನೆಯ ಅಂಕಿ ನೋಡಿ: ಒಂದು ಕಡೆ 1, ಇನ್ನೊಂದು ಕಡೆ 0. ಹೊಸ ರೂಟರ್ ಕೂತಿರುವುದು 192.168.0.1ರಲ್ಲಿ. ಲ್ಯಾಪ್‌ಟಾಪು ಮಾತ್ರ ಸುಟ್ಟುಹೋದ ರೂಟರಿನ ಬಾಗಿಲನ್ನೇ ಬಡಿಯುತ್ತಿದೆ. ಸಾಮಾನ್ಯವಾಗಿ ರೂಟರೇ ಎಲ್ಲರಿಗೂ ವಿಳಾಸ ಹಂಚುತ್ತದೆ, ಅದಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಇಲ್ಲಿ ಮೊದಲ ಸಾಲಿನಲ್ಲೇ "No" ಎಂದಿದೆ, ಅಂದರೆ ಯಾರೋ ಕೈಯಾರೆ ವಿಳಾಸ ಬರೆದಿಟ್ಟಿದ್ದಾರೆ. ಆಮೇಲೆ ನೆನಪಾಯಿತು, ಎಷ್ಟೋ ವರ್ಷದ ಹಿಂದೆ ಮನೆಯ ಪ್ರಿಂಟರ್ ಹಂಚಿಕೊಳ್ಳಲು ವಿಳಾಸ ಬದಲಾಗದಿರಲಿ ಎಂದು ಮಗನೇ ಹಾಗೆ ಬರೆದಿದ್ದನಂತೆ.

ಅಂದಹಾಗೆ, ಆ ಜಾಗದಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ ಕಥೆಯೇ ಬೇರೆ. ಆಗ ಯಂತ್ರ ವಿಳಾಸ ಕೇಳಿದೆ, ಯಾರೂ ಕೊಟ್ಟಿಲ್ಲ, ಕೊನೆಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ.

ಅಣ್ಣನ ಲ್ಯಾಪ್‌ಟಾಪಿಗೆ ಬೇಕಾದದ್ದು ಒಂದು ಚುಕ್ಕಿ ಬದಲಿಸುವುದಷ್ಟೇ. ರನ್ ಪೆಟ್ಟಿಗೆಯಲ್ಲಿ `ncpa.cpl` ಎಂದು ಬರೆದು, ವೈಫೈ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ಐಪಿ ಆವೃತ್ತಿ 4ರ ಸಾಲಿನಲ್ಲಿ ವಿಳಾಸವನ್ನು ತಾನಾಗಿ ಪಡೆಯುವ ಆಯ್ಕೆಗೆ ಬದಲಿಸಬೇಕು. ಕೆಳಗೆ ಡಿಎನ್‌ಎಸ್‌ಗೂ ಅಂಥದೇ ಆಯ್ಕೆ ಇದೆ, ಅದನ್ನು ಮರೆಯಬಾರದು. ಬದಲಿಸಿದ ಕೂಡಲೇ ನೆಟ್ ಬಂತು.

ಅಳಿಯನ ರಿಸೆಟ್ ಹೊಡೆದಿದ್ದರೂ ಬರುತ್ತಿತ್ತು. ಆದರೆ ಏನು ಕೊಟ್ಟು? ವಿಂಡೋಸಿನ ನೆಟ್‌ವರ್ಕ್ ರಿಸೆಟ್ ಎಲ್ಲ ಅಡಾಪ್ಟರುಗಳನ್ನೂ ಕಿತ್ತು, ಯಂತ್ರ ಮತ್ತೆ ಶುರುವಾದಾಗ ಹೊಸದಾಗಿ ಕೂರಿಸುತ್ತದೆ. ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳನ್ನು ಮತ್ತೆ ಕೊಡಬೇಕು. ಅಣ್ಣನ ಲ್ಯಾಪ್‌ಟಾಪಿನಲ್ಲಿ ಕಚೇರಿಯ ವಿಪಿಎನ್ ಇತ್ತು, ಅಂಥ ತಂತ್ರಾಂಶಗಳನ್ನು ರಿಸೆಟ್ ಆದ ಮೇಲೆ ಮತ್ತೆ ಕೂರಿಸಬೇಕಾಗಬಹುದು. ಶುಕ್ರವಾರ ಸಂಜೆ ಕಚೇರಿಯ ಕಂಪ್ಯೂಟರ್ ವಿಭಾಗದವರನ್ನು ಹಿಡಿಯುವುದು ನಿಮಗೇ ಗೊತ್ತು. ಇನ್ನೊಂದು, ಮನೆಯ ನೆಟ್‌ವರ್ಕನ್ನು ಅದು ಸಾರ್ವಜನಿಕ ಎಂದು ಗುರುತಿಸಿದರೆ ಪ್ರಿಂಟರ್, ಫೈಲು ಹಂಚಿಕೆ ನಿಲ್ಲುತ್ತವೆ. ಹಾಗೆಂದು ರಿಸೆಟ್ ಕೆಟ್ಟದ್ದು ಅನ್ನುವುದಿಲ್ಲ. ಯಾವುದೋ ವಿಪಿಎನ್ ಅಥವಾ ಆಂಟಿವೈರಸ್ ತೆಗೆದ ಮೇಲೆ ಅದರ ಚೂರುಗಳು ಅಡಾಪ್ಟರಿಗೆ ಅಂಟಿಕೊಂಡು ಉಳಿದಿದ್ದರೆ ರಿಸೆಟ್ಟೇ ಸುಲಭ. ಒತ್ತಿದ ಮೇಲೆ ಯಂತ್ರ ತಾನಾಗಿ ಬಂದ್ ಆಗಿ ಮತ್ತೆ ಶುರುವಾಗುತ್ತದೆ, ತೆರೆದಿಟ್ಟ ಕೆಲಸ ಮೊದಲು ಉಳಿಸಿಕೊಳ್ಳಿ.

ಮೊಬೈಲಿನ ರಿಸೆಟ್ಟಿಗೆ ಜನ ಹೆದರುವುದು ಫೋಟೋ ಹೋಗುತ್ತವೆ ಎಂದು. ಹೋಗುವುದಿಲ್ಲ. ಹೋಗುವುದು ಎಲ್ಲ ಊರಿನ ವೈಫೈ ಪಾಸ್‌ವರ್ಡುಗಳು. ಆಂಡ್ರಾಯ್ಡಿನಲ್ಲಿ ಬ್ಲೂಟೂತ್ ಜೋಡಿಗಳೂ ಹೋಗುತ್ತವೆ, ಕಾರು, ಇಯರ್‌ಬಡ್ ಎಲ್ಲ ಮತ್ತೆ ಜೋಡಿಸಬೇಕು. ಆದರೆ ರಿಸೆಟ್ ಬದಲು ಎಲ್ಲ ದತ್ತಾಂಶ ಅಳಿಸುವ ಸಾಲನ್ನು ಒತ್ತಿದರೆ ಫೋಟೋಗಳೂ ಹೋದವು. ಎರಡೂ ಒಂದೇ ಪುಟದಲ್ಲಿ ಮೇಲೆ ಕೆಳಗೆ ಕೂತಿರುತ್ತವೆ, ಕನ್ನಡಕ ಹಾಕಿಕೊಂಡು ಒತ್ತಿ.

ಕೊನೆಯದು ಡಿಎನ್‌ಎಸ್ ಕ್ಯಾಶ್. ಜಾಲತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸಿಕೊಡುವ ವ್ಯವಸ್ಥೆ ಡಿಎನ್‌ಎಸ್, 1983ರಿಂದ ಇದೆ. ಪ್ರತಿ ಸಲ ಕೇಳುವುದು ಬೇಡವೆಂದು ಯಂತ್ರ ಉತ್ತರವನ್ನು ಬರೆದಿಟ್ಟುಕೊಳ್ಳುತ್ತದೆ. ಪ್ರತಿ ಉತ್ತರಕ್ಕೂ ಆಯಸ್ಸು ಇರುತ್ತದೆ, ಸೆಕೆಂಡಿನ ಲೆಕ್ಕದಲ್ಲಿ. 3600 ಎಂದಿದ್ದರೆ ಒಂದು ಗಂಟೆ, 86400 ಎಂದಿದ್ದರೆ ಒಂದು ದಿನ. ತಾಣ ಬೇರೆ ಸರ್ವರಿಗೆ ಹೋದರೂ ಆಯಸ್ಸು ಮುಗಿಯುವ ತನಕ ನಿಮ್ಮ ಯಂತ್ರ ಹಳೆಯ ಮನೆಗೇ ಹೋಗುತ್ತಿರುತ್ತದೆ. ಹಾಗಾಗಿ ಇದು ಒಂದೋ ಎರಡೋ ತಾಣಕ್ಕೆ ಮಾತ್ರ ಬರುವ ಕಾಯಿಲೆ. ಯಾವ ತಾಣವೂ ತೆರೆಯುತ್ತಿಲ್ಲ ಎಂದರೆ ಕ್ಯಾಶ್ ಅಳಿಸಿ ಪ್ರಯೋಜನ ಕಡಿಮೆ.

ಅತ್ತಿಗೆ ಹಪ್ಪಳ, ಅಪ್ಪೆಮಿಡಿ ಮಾರಲು ಒಂದು ತಾಣ ಮಾಡಿಸಿದ್ದರು. ಊರಿಗೆಲ್ಲ ಹೊಸ ತಾಣ ಕಾಣುತ್ತದೆ, ಅವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಅರ್ಧಂಬರ್ಧ ಪುಟ. ಆಗ ಎರಡು ಕಮಾಂಡ್ ಹಾಕಿಸಿದೆ. ಹೆಸರು, ವಿಳಾಸ ಇಲ್ಲಿ ಉದಾಹರಣೆಯವು:

```
nslookup happala.example
  Address: 198.51.100.25
ping happala.example
  203.0.113.10
```

ಎರಡಕ್ಕೂ ವ್ಯತ್ಯಾಸವಿದೆ. `nslookup` ಯಂತ್ರದ ಕ್ಯಾಶನ್ನು ನೋಡದೆ ನೇರ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. `ping` ಬ್ರೌಸರಿನ ಹಾಗೆ ಯಂತ್ರದ ನೆನಪನ್ನು ಮೊದಲು ಕೇಳುತ್ತದೆ. ಎರಡರ ಉತ್ತರ ಬೇರೆಯಾದರೆ ಯಂತ್ರದ ನೆನಪಿನ ಮೇಲೆ ಅನುಮಾನ. ಎರಡೂ ಒಂದೇ ತಪ್ಪು ವಿಳಾಸ ಹೇಳಿದರೆ ತಪ್ಪು ಮೇಲಿನ ಸರ್ವರಿನದು, ನಿಮ್ಮ ಕ್ಯಾಶ್ ಅಳಿಸಿ ಏನೂ ಆಗದು, ಕಾಯಬೇಕು. ಇಲ್ಲಿ ಬೇರೆ ಬಂದದ್ದರಿಂದ ಅಳಿಸಿ ನೋಡಿದೆವು:

```
ipconfig /flushdns
```

ಆಪಲ್‌ನ ಮ್ಯಾಕ್ ಕಂಪ್ಯೂಟರ್ ಇರುವವರಿಗೆ ಇದು:

```
sudo dscacheutil -flushcache; sudo killall -HUP mDNSResponder
```

ಅಳಿಸಿದ್ದಾಯಿತು ಎಂದು ಯಂತ್ರ ಹೇಳಿತು. ಮತ್ತೆ `ping` ಹಾಕಿದರೆ ಅದೇ 203.0.113.10! ಇದು ಕ್ಯಾಶ್ ಆಗಿದ್ದರೆ ಹೋಗಬೇಕಿತ್ತು. ಅಳಿಸಿದರೂ ಹೋಗದ ನೆನಪು ಅಂದರೆ ಹೋಸ್ಟ್ಸ್ ಕಡತ, ಯಾವ ಹೆಸರಿಗೆ ಯಾವ ವಿಳಾಸ ಎಂದು ಕೈಯಾರೆ ಬರೆದಿಡುವ ಜಾಗ. ವಿಂಡೋಸಿನಲ್ಲಿ ಅದು ಇರುವುದು ಇಲ್ಲಿ:

```
C:\Windows\System32\drivers\etc\hosts
```

ತಾಣ ಮಾಡಿಕೊಟ್ಟ ಹುಡುಗ ಬಿಡುಗಡೆಗೆ ಮುಂಚೆ ಅತ್ತಿಗೆಗೆ ತೋರಿಸಲು ಪರೀಕ್ಷೆಯ ಸರ್ವರಿನ ವಿಳಾಸವನ್ನು ಅಲ್ಲಿ ಒಂದು ಸಾಲಾಗಿ ಬರೆದಿದ್ದ. ತೆಗೆಯಲು ಮರೆತಿದ್ದ. ಕ್ಯಾಶ್ ಅಳಿಸಿದರೂ ಯಂತ್ರ ಆ ಕಡತವನ್ನು ಮತ್ತೆ ಓದಿಕೊಳ್ಳುತ್ತದೆ, ಹಾಗಾಗಿ ಎಷ್ಟು ಸಲ ಅಳಿಸಿದರೂ ಅಷ್ಟೇ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಆ ಸಾಲಿನ ಮುಂದೆ `#` ಹಾಕಿಸಿ ಉಳಿಸಿದೆವು. `ping` ಈಗ ಸರಿಯಾದ ವಿಳಾಸ ಹೇಳಿತು. ಆದರೂ ಕ್ರೋಮಿನಲ್ಲಿ ಹಳೆಯ ಪುಟವೇ. ಕ್ರೋಮಿಗೆ ತನ್ನದೇ ಬೇರೆ ನೆನಪಿದೆ. `chrome://net-internals/#dns` ಎಂದು ವಿಳಾಸದ ಪಟ್ಟಿಯಲ್ಲಿ ಬರೆದು ಅಲ್ಲಿನ ಗುಂಡಿ ಒತ್ತಿ, ಕ್ರೋಮನ್ನು ಪೂರ್ತಿ ಮುಚ್ಚಿ ತೆರೆದಾಗ ಹೊಸ ತಾಣ ಬಂತು.

ಅತ್ತಿಗೆ ನೋಡಿದರು. "ಅಪ್ಪೆಮಿಡಿ ದರ ಕಳೆದ ವರ್ಷದ್ದೇ ಇದ್ದಲ್ಲ" ಅಂದರು. ಅದು ಸರ್ವರಿನಲ್ಲೇ ಹಾಗಿತ್ತು. ಆ ಹುಡುಗನ ನಂಬರ್ ಕೊಟ್ಟೆ.

ಈಗ ನಿಮ್ಮ ಪ್ರಶ್ನೆಗಳು. ಮೊಬೈಲ್ ತಂದವರು ಮುಂದೆ ಬನ್ನಿ, ಆದರೆ ವೈಫೈ ಪಾಸ್‌ವರ್ಡ್ ಬರೆದುಕೊಂಡು ಬಂದಿದ್ದರೆ ಮಾತ್ರ.