ಪಿನ್ ಎಳೆಯುವಾಗ ಲಿವರ್ ಮುಟ್ಟಬೇಡಿ

ಎಲ್ಲರಿಗೂ ನಮಸ್ಕಾರ. ಬೆಂಕಿ ಆರಿಸುವ ಸಿಲಿಂಡರ್ ಬಳಸುವ ಕ್ರಮ ಪುಲ್, ಏಮ್, ಸ್ಕ್ವೀಜ್, ಸ್ವೀಪ್: ಪಿನ್ ಎಳೆಯಿರಿ, ಗುರಿಯಿಡಿ, ಲಿವರ್ ಅದುಮಿ, ಅತ್ತಿತ್ತ ಬೀಸಿ. ಇಷ್ಟು ನಿಮ್ಮಲ್ಲಿ ಹಲವರಿಗೆ ಬಾಯಿಪಾಠ. ಆದರೂ ಬೆಂಕಿ ಎದುರಿಗೆ ಬಂದಾಗ ಕೈ ತಪ್ಪುತ್ತದೆ. ಎಲ್ಲಿ ತಪ್ಪುತ್ತದೆ ಎಂಬುದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಅಂಗಳದಲ್ಲಿರುವ ಜನರೇಟರ್ ಪಕ್ಕ ಡೀಸೆಲ್ ಚೆಲ್ಲಿ, ಸುಮಾರು ಒಂದು ಮೀಟರ್ ಅಗಲಕ್ಕೆ ಹೊತ್ತಿಕೊಂಡಿದೆ. ಕೈಯಲ್ಲಿರುವುದು ಘನ, ದ್ರವ, ಅನಿಲ ಮೂರರ ಬೆಂಕಿಗೂ ಬಳಸುವ ಎಬಿಸಿ ಪುಡಿಯ 6 ಕೆ.ಜಿ. ಸಿಲಿಂಡರ್. ಅಗ್ನಿಶಾಮಕ ದಳಕ್ಕೆ ಕರೆ ಹೋಗಿದೆ, ನಿಮ್ಮ ಬೆನ್ನ ಹಿಂದೆ ಓಡಲು ದಾರಿ ಇದೆ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಸಿಲಿಂಡರ್ ಎತ್ತಲೇಬೇಡಿ.

ಮೊದಲ ತಪ್ಪು ಪಿನ್‌ನಲ್ಲೇ ಆಗುತ್ತದೆ. ಗಾಬರಿಯಲ್ಲಿ ಒಂದು ಕೈ ಹಿಡಿಕೆ ಮತ್ತು ಲಿವರ್ ಎರಡನ್ನೂ ಒಟ್ಟಿಗೆ ಬಿಗಿಯಾಗಿ ಹಿಡಿದಿರುತ್ತದೆ, ಇನ್ನೊಂದು ಕೈ ಪಿನ್ ಎಳೆಯುತ್ತಿರುತ್ತದೆ. ಲಿವರ್ ಅದುಮಿದಷ್ಟೂ ಅದು ಪಿನ್ ಮೇಲೆ ಒತ್ತಿ ಕೂರುತ್ತದೆ, ಆಗ ಎಷ್ಟು ಜಗ್ಗಿದರೂ ಪಿನ್ ಬರುವುದಿಲ್ಲ. ಜನ ಸಿಲಿಂಡರ್ ಕೆಟ್ಟಿದೆ ಎಂದುಕೊಂಡು ಬಿಸಾಡುತ್ತಾರೆ. ಹಾಗಾಗಿ ಅದನ್ನು ನೆಲದ ಮೇಲೆ ನಿಲ್ಲಿಸಿ, ಲಿವರ್‌ನಿಂದ ಬೆರಳು ತೆಗೆದು, ಪಿನ್ನಿನ ಉಂಗುರವನ್ನು ತಿರುಚಿ ಪ್ಲಾಸ್ಟಿಕ್ ಸೀಲ್ ಮುರಿದು, ನೇರವಾಗಿ ಎಳೆಯಿರಿ. ಇದನ್ನು ಬೆಂಕಿಯಿಂದ ದೂರದಲ್ಲೇ ಮುಗಿಸಿ.

ಎರಡನೆಯದು ದೂರ. ಸಿಲಿಂಡರ್‌ನಲ್ಲಿರುವ ಪುಡಿ ಹತ್ತು-ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುತ್ತದೆ. ತೀರಾ ದೂರದಿಂದಲೇ ಅದುಮಿದರೆ ಅದರಲ್ಲಿ ಬಹುಪಾಲು ಗಾಳಿಗೆ ಹೋಗುತ್ತದೆ. ಹತ್ತಿರ ನುಗ್ಗಿದರೆ ಪುಡಿಯ ರಭಸಕ್ಕೆ ಉರಿಯುವ ಡೀಸೆಲ್ ಚಿಮ್ಮಿ ಹರಡುತ್ತದೆ. ಗಾಳಿ ಬೆನ್ನಿಗಿರುವಂತೆ, ಎರಡೂವರೆ ಮೂರು ಮೀಟರ್ ದೂರದಲ್ಲಿ ನಿಲ್ಲಿ. ಕೊಕ್ಕೆಯಿಂದ ಪೈಪ್ ಬಿಡಿಸಿ ಅದರ ತುದಿಯನ್ನು ಗಟ್ಟಿಯಾಗಿ ಹಿಡಿಯಿರಿ.

ಕಣ್ಣು ಎತ್ತರದ ಜ್ವಾಲೆಯತ್ತ ಹೋಗುತ್ತದೆ, ಕೈಯೂ ಹಿಂಬಾಲಿಸುತ್ತದೆ. ಆದರೆ ಉರಿಯುತ್ತಿರುವುದು ಕೆಳಗಿನ ಡೀಸೆಲ್ಲಿನ ಆವಿ. ನಿಮಗೆ ಹತ್ತಿರದ ಅಂಚಿನ ಬುಡಕ್ಕೆ ಗುರಿಯಿಟ್ಟು, ಲಿವರ್ ಬಿಡದೆ ಅದುಮಿ, ಎರಡೂ ಬದಿಯ ಅಂಚನ್ನು ತುಸು ದಾಟುವಂತೆ ಬೀಸಿ. ಜ್ವಾಲೆ ಹಿಂದಕ್ಕೆ ಸರಿದಷ್ಟೇ ನೀವು ಮುಂದೆ ಹೋಗಿ. ನಡುವೆ ಒಂದು ಪಟ್ಟಿ ಬಿಟ್ಟುಹೋದರೆ ಬೆಂಕಿ ಅಲ್ಲಿಂದಲೇ ಮತ್ತೆ ಹರಡುತ್ತದೆ.

ಜ್ವಾಲೆ ಆರಿದ ಕೂಡಲೇ ಬೆನ್ನು ತಿರುಗಿಸುವುದು ಎಲ್ಲಕ್ಕಿಂತ ಅಪಾಯದ ತಪ್ಪು. ಈ ಪುಡಿ ಜ್ವಾಲೆಯನ್ನು ಆರಿಸುತ್ತದೆ, ಆದರೆ ಕಾದ ಲೋಹವನ್ನು ತಣಿಸುವುದಿಲ್ಲ. ಜನರೇಟರಿನ ಹೊಗೆಕೊಳವೆಯ ಬಿಸಿಗೆ ಡೀಸೆಲ್ ಮತ್ತೆ ಹೊತ್ತಿಕೊಳ್ಳಬಹುದು. ಲಿವರ್ ಬಿಟ್ಟು, ಉಳಿದ ಪುಡಿ ಕೈಯಲ್ಲಿರುವಂತೆಯೇ, ಬೆಂಕಿಯನ್ನು ನೋಡುತ್ತಾ ಹಿಂದಕ್ಕೆ ಹೆಜ್ಜೆ ಹಾಕಿ. ಪುಡಿ ಮುಗಿದರೂ ಉರಿ ಉಳಿದಿದ್ದರೆ ಹೊರಟುಬಿಡಿ.

ಎರಡೇ ಸೆಕೆಂಡ್ ಬಳಸಿದ ಸಿಲಿಂಡರ್ ಅನ್ನೂ ಮತ್ತೆ ಗೋಡೆಗೆ ತೂಗುಹಾಕಬೇಡಿ. ವಾಲ್ವ್‌ನಲ್ಲಿ ಸಿಕ್ಕಿಕೊಂಡ ಪುಡಿಯಿಂದ ಅದು ಸರಿಯಾಗಿ ಮುಚ್ಚಿಕೊಳ್ಳದೆ ಒತ್ತಡ ನಿಧಾನವಾಗಿ ಸೋರಿಹೋಗುತ್ತದೆ. ಒತ್ತಡ ತೋರಿಸುವ ಮೀಟರಿನ ಮುಳ್ಳು ಇವತ್ತು ಹಸಿರಿನಲ್ಲೇ ಇದ್ದರೂ ಮರುಭರ್ತಿಗೆ ಕಳಿಸಿ.