ಮೂರು ಉಡಿಯ ಖಣ, ಒಂದು ಜಾಕೆಟ್

ನಮಸ್ಕಾರ. ಈಗ ನೀವು ನೋಡುತ್ತಿರುವುದು ಹುಬ್ಬಳ್ಳಿಯ ನಮ್ಮ ಬುಟಿಕ್‌ನ ಕಟಿಂಗ್ ಮೇಜು. ಅದರ ಮೇಲೆ ಹರಡಿರುವ ಮೂರು ಬಟ್ಟೆಗಳು ಗುಳೇದಗುಡ್ಡದ ಖಣಗಳು, ಅಂದರೆ ಕುಬುಸಕ್ಕೆಂದು ನೇಯ್ದ ಬಟ್ಟೆಗಳು. ಈ ಬುಟಿಕ್ ನಡೆಸುವವಳು ಯಾರು, ಹೊಲಿಗೆ ಹೊಲಿಯುತ್ತಿದ್ದವಳು ವಿನ್ಯಾಸಕ್ಕೆ ಬಂದದ್ದು ಹೇಗೆ ಎಂದು ಅನೇಕರು ಕೇಳುತ್ತಾರೆ. ಆ ಪ್ರಶ್ನೆಗೆ ನನ್ನ ಉತ್ತರವೆಲ್ಲ ಈ ಮೂರು ಖಣಗಳಲ್ಲಿದೆ.

ನಾನು ಹೊಲಿಗೆ ಕಲಿತದ್ದು ನನ್ನ ಚಿಕ್ಕಮ್ಮನ ಅಂಗಡಿಯಲ್ಲಿ. ಫಾಲ್ ಹಚ್ಚುವುದು, ಪಿಕೊ ಮಾಡುವುದು, ಹುಕ್ಕು ಹಾಕುವುದು, ಆಮೇಲೆ ಲೈನಿಂಗ್ ಬ್ಲೌಸ್, ಕಟೋರಿ ಬ್ಲೌಸ್ ಎಂದು ಎಲ್ಲರೂ ಹತ್ತುವ ಮೆಟ್ಟಿಲುಗಳನ್ನೇ ನಾನೂ ಹತ್ತಿದೆ. ಮುಂದೆ ಸ್ವಂತ ಅಂಗಡಿ ಇಟ್ಟ ಮೇಲೂ ಕೆಲಸದ ರೀತಿ ಬದಲಾಗಲಿಲ್ಲ. ಗಿರಾಕಿಯ ಅಳತೆಯ ಬ್ಲೌಸನ್ನು ಮುಂದಿಟ್ಟುಕೊಂಡು, ಎದೆ ಸುತ್ತಳತೆಯ ನಾಲ್ಕನೆಯ ಒಂದು ಭಾಗಕ್ಕೆ ಮಾರ್ಜಿನ್ ಸೇರಿಸಿ, ಚಾಕ್‌ನಿಂದ ನೇರವಾಗಿ ಬಟ್ಟೆಯ ಮೇಲೆಯೇ ಗೆರೆ ಎಳೆದು ಕತ್ತರಿಸುತ್ತಿದ್ದೆ. ಕಾಗದದ ಪ್ಯಾಟರ್ನ್ ಮಾಡುವ ಅಗತ್ಯವೇ ಬೀಳುತ್ತಿರಲಿಲ್ಲ, ಏಕೆಂದರೆ ಯಾವ ಉಡುಪು, ಯಾವ ಕುತ್ತಿಗೆ, ಎಷ್ಟು ಉದ್ದದ ತೋಳು ಎಂಬುದೆಲ್ಲವನ್ನೂ ಗಿರಾಕಿಯೇ ನಿರ್ಧರಿಸಿಕೊಂಡು ಬರುತ್ತಿದ್ದರು.

ಹಾಗೆ ಏನನ್ನೂ ನಿರ್ಧರಿಸದೆ ಬಂದವರು ಒಬ್ಬ ನಿವೃತ್ತ ಶಿಕ್ಷಕಿ. ನಮ್ಮ ಕಡೆ ಮದುವೆ, ಸೀಮಂತ, ಗೃಹಪ್ರವೇಶ ಎಂದು ಯಾವ ಶುಭಕಾರ್ಯವಾದರೂ ಮುತ್ತೈದೆಯರಿಗೆ ಉಡಿ ತುಂಬುವಾಗ ಖಣ ಕೊಡುವುದು ವಾಡಿಕೆ. ಸೀಮಂತವನ್ನಂತೂ ಕುಬುಸದ ಕಾರ್ಯವೆಂದೇ ಕರೆಯುತ್ತಾರೆ. ಹೀಗೆ ವರ್ಷಗಟ್ಟಲೆ ಬಂದ ಖಣಗಳು ಮನೆಮನೆಯ ಕಪಾಟುಗಳಲ್ಲಿ ಮಡಿಕೆ ಬಿಚ್ಚದೆ ಉಳಿದಿರುತ್ತವೆ. ಆ ಶಿಕ್ಷಕಿ ತಮ್ಮಲ್ಲಿದ್ದ ಖಣಗಳನ್ನೆಲ್ಲ ಒಂದು ಚೀಲದಲ್ಲಿ ತಂದು ನನ್ನ ಮುಂದೆ ಸುರಿದು, "ಇಷ್ಟೂ ಖಣ ಹಂಗ ಬಿದ್ದಾವ ನೋಡವ್ವ, ಇನ್ನ ನನಗ ಕುಬುಸ ಬ್ಯಾಡ, ಮೈಮ್ಯಾಲೆ ಹಾಕ್ಕೊಳ್ಳೋ ಹಂಗ ಏನಾರ ಮಾಡಿ ಕೊಡು" ಎಂದರು. ಏನು ಮಾಡಬೇಕೆಂಬುದನ್ನು ನಾನೇ ನಿರ್ಧರಿಸಬೇಕಾದ ಮೊದಲ ಕೆಲಸ ಅದು.

ಖಣದೊಡನೆ ಕೆಲಸ ಮಾಡುವವರಿಗೆ ಮೊದಲು ಎದುರಾಗುವುದು ಅದರ ಪನ್ನ, ಅಂದರೆ ಬಟ್ಟೆಯ ಅಗಲ. ಮಾಮೂಲಿ ಹತ್ತಿ ಬಟ್ಟೆ 44 ಇಂಚು ಪನ್ನದಲ್ಲಿ ಬಂದರೆ, ನನ್ನ ಬಳಿ ಬರುವ ಖಣಗಳ ಪನ್ನ ಸುಮಾರು 31 ಇಂಚು ಮಾತ್ರ. ಉಡಿಯಲ್ಲಿ ಬಂದ ಖಣದ ಉದ್ದವೂ ಹೆಚ್ಚು ಕಡಿಮೆ ಅಷ್ಟೇ ಇರುವುದರಿಂದ ಕೈಗೆ ಸಿಗುವುದು ಒಂದು ಚೌಕ. ಅದರ ಎರಡೂ ಪಕ್ಕಕ್ಕೆ ದಡಿ, ನಡುವೆ ಸಾಲು ಸಾಲಾಗಿ ಚಿಕ್ಕ ಚಿಕ್ಕ ಬುಟ್ಟಾಗಳು. ಹಳೆಯ ಕಾಲದ ಗಂಟಿನ ಕುಬುಸಕ್ಕೆ ಈ ಚೌಕ ಎಷ್ಟು ಒಪ್ಪುತ್ತದೆಂದರೆ, ತೋಳನ್ನು ಅಡ್ಡಲಾಗಿ ಕತ್ತರಿಸಿದರೆ ದಡಿ ತಾನಾಗಿಯೇ ತೋಳಿನ ಅಂಚಿಗೆ ಬಂದು ಕೂರುತ್ತದೆ. ಆದರೆ ಜಾಕೆಟ್‌ನಂತಹ ದೊಡ್ಡ ಉಡುಪನ್ನು ಈ ಚೌಕದಲ್ಲಿ ಕೂರಿಸುವುದು ಸುಲಭವಲ್ಲ. ಆಗ ನಾನು ಚಾಕ್ ಬದಿಗಿಟ್ಟು ಕಂದು ಕಾಗದ ಹಾಸಿಕೊಂಡೆ.

ಆ ಶಿಕ್ಷಕಿಯ ಎದೆ ಸುತ್ತಳತೆ 36 ಇಂಚು. ಸೀರೆಯ ಮೇಲೂ ಕುರ್ತಾದ ಮೇಲೂ ಹಾಕಿಕೊಳ್ಳುವಂತಿರಬೇಕಾದ ಜಾಕೆಟ್‌ಗೆ 4 ಇಂಚು ಸಡಿಲ ಬೇಕು, ಅಂದರೆ ಸಿದ್ಧ ಉಡುಪು 40 ಇಂಚು. ಬೆನ್ನಿನ ಭಾಗ 20 ಇಂಚು, ಪಕ್ಕಕ್ಕೆ ಒಂದೊಂದು ಇಂಚು ಮಾರ್ಜಿನ್ ಸೇರಿಸಿದರೆ 22. ಅದು ಒಂದು ಖಣದಲ್ಲಿ ಆರಾಮವಾಗಿ ಕೂತು, ಪಕ್ಕದಲ್ಲಿ 9 ಇಂಚಿನ ಪಟ್ಟಿ ಉಳಿಯುತ್ತದೆ. ಉದ್ದ 24 ಇಂಚು, ಮಡಿಕೆಗೆ 2, ಒಟ್ಟು 26. ಅದಕ್ಕೂ ಖಣ ಸಾಕಾಗುತ್ತದೆ. ಮುಂಭಾಗದ ಎರಡು ಭಾಗಗಳಿಗೆ ಗುಂಡಿಪಟ್ಟಿ ಮತ್ತು ಮಾರ್ಜಿನ್ ಸೇರಿ ತಲಾ ಹನ್ನೆರಡೂವರೆ ಇಂಚು, ಎರಡೂ ಸೇರಿ 25. ಅವು ಎರಡನೆಯ ಖಣದಲ್ಲಿ ಅಕ್ಕಪಕ್ಕ ಕೂರುತ್ತವೆ.

ಇಲ್ಲಿ ದಡಿಯದೊಂದು ಅನುಕೂಲವಿದೆ. ಮುಂಭಾಗಗಳ ಪಕ್ಕದ ಹೊಲಿಗೆಯ ಕಡೆಯನ್ನು ಬಟ್ಟೆಯ ನಡುವಿಗೂ, ತೆರೆಯುವ ಅಂಚನ್ನು ಬಟ್ಟೆಯ ದಡಿಗೂ ತಿರುಗಿಸಿ ಇಟ್ಟರೆ, ಜಾಕೆಟ್ ಹಾಕಿಕೊಂಡಾಗ ದಡಿ ಕುತ್ತಿಗೆಯಿಂದ ಕೆಳಗಿನವರೆಗೆ ಎದೆಯ ಮಧ್ಯದಲ್ಲಿ ನೇರವಾಗಿ ಇಳಿಯುತ್ತದೆ. ಎರಡೂ ಭಾಗಗಳು ಒಂದೇ ಬುಟ್ಟಾ ಸಾಲಿನ ಮೇಲೆ ಅಕ್ಕಪಕ್ಕ ಕತ್ತರಿಸಿದವಾದ್ದರಿಂದ ಗುಂಡಿ ಹಾಕಿದಾಗ ಎಡಬಲದ ಬುಟ್ಟಾಗಳು ಒಂದೇ ಎತ್ತರದಲ್ಲಿ ಬರುತ್ತವೆ. ಬೇರೆ ಬೇರೆ ಎತ್ತರದಲ್ಲಿ ಕತ್ತರಿಸಿದ ಜಾಕೆಟ್ ಅನ್ನು ದೂರದಿಂದಲೇ ಗುರುತಿಸಬಹುದು. ಒಂದು ಭುಜ ಇಳಿದಂತೆ ಕಾಣುತ್ತದೆ.

ಎದೆಯ ಉಬ್ಬಿಗಾಗಿ ಬಟ್ಟೆಯನ್ನು ಮಡಿಸಿ ಹೊಲಿಯುವ ಟಕ್ಸ್ ವಿಷಯದಲ್ಲಿ ನನಗೆ ಕಾಗದದ ನಿಜವಾದ ಬೆಲೆ ತಿಳಿಯಿತು. ಬ್ಲೌಸಿನಲ್ಲಿ ಮಾಡುವಂತೆ ಪಕ್ಕದ ಹೊಲಿಗೆಯಿಂದ ಎದೆಯ ಕಡೆಗೆ ಟಕ್ಸ್ ಹಾಕಿದರೆ ಬುಟ್ಟಾಗಳ ಅಡ್ಡ ಸಾಲು ಅಲ್ಲಿಯೇ ಮುರಿಯುತ್ತದೆ, ನೋಡುವವರ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಆ ಟಕ್ಸನ್ನು ಬೇರೆಡೆಗೆ ಸರಿಸಬೇಕು. ಪ್ಯಾಟರ್ನ್‌ನಲ್ಲಿ ಎದೆಯ ತುದಿಯ ಬಿಂದುವನ್ನು ಗುರುತಿಸಿ, ಕೆಳಗಿನ ಅಂಚಿನಿಂದ ಆ ಬಿಂದುವಿನವರೆಗೆ ಕಾಗದವನ್ನು ನೇರವಾಗಿ ಸೀಳಬೇಕು. ಆಮೇಲೆ ಪಕ್ಕದ ಟಕ್ಸಿನ ಎರಡು ಗೆರೆಗಳನ್ನು ಒಂದರ ಮೇಲೊಂದು ತಂದು ಟೇಪು ಅಂಟಿಸಿದರೆ, ಸೀಳಿದ ಜಾಗ ತಾನಾಗಿಯೇ ಕೆಳಗೆ ಬಾಯಿ ಬಿಡುತ್ತದೆ. ಪಕ್ಕದಲ್ಲಿದ್ದ ಟಕ್ಸ್ ಈಗ ಸೊಂಟದಿಂದ ಮೇಲೇರುವ ಟಕ್ಸ್ ಆಗುತ್ತದೆ, ಎದೆಗೆ ಸಿಗುವ ಜಾಗ ಮಾತ್ರ ಅಷ್ಟೇ ಉಳಿಯುತ್ತದೆ. ಆ ಉದ್ದನೆಯ ಟಕ್ಸನ್ನು ಎರಡು ಬುಟ್ಟಾ ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಇಳಿಸಿದರೆ ಅದು ಕಾಣುವುದೇ ಇಲ್ಲ. ಇದಕ್ಕಾಗಿ ಮುಂಭಾಗ ಕೆಳಗಡೆ ಒಂದೂವರೆ ಇಂಚಿನಷ್ಟು ಅಗಲವಾಗುತ್ತದೆ. ಖಣದ ನಡುವೆ ಪ್ರತಿ ಭಾಗಕ್ಕೂ ಸುಮಾರು 3 ಇಂಚು ಉಳಿದಿರುವುದರಿಂದ ತೊಂದರೆಯಿಲ್ಲ. ಬಟ್ಟೆಯ ಮೇಲೆಯೇ ಗೆರೆ ಎಳೆಯುತ್ತಿದ್ದ ದಿನಗಳಲ್ಲಿ ಈ ಕೆಲಸವನ್ನು ನಾನು ಮಾಡಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಬಟ್ಟೆಯನ್ನು ಒಮ್ಮೆ ಸೀಳಿದರೆ ಮುಗಿಯಿತು. ಸಂಜೆ ತರಗತಿಯೊಂದಕ್ಕೆ ಸೇರಿ ಪ್ಯಾಟರ್ನ್ ಮಾಡುವುದನ್ನು ಕ್ರಮವಾಗಿ ಕಲಿತದ್ದು ಈ ಜಾಕೆಟ್‌ಗಾಗಿಯೇ.

ತೋಳುಗಳು ಮೂರನೆಯ ಖಣಕ್ಕೆ ಬಂದವು. ಮುಕ್ಕಾಲು ತೋಳಿನ ಮೇಲ್ಭಾಗದ ಸುತ್ತಳತೆ 15 ಇಂಚು, ಮಾರ್ಜಿನ್ ಸೇರಿ 16; ಎರಡು ತೋಳಿಗೆ 32. ಖಣದ ಪನ್ನ 31. ಒಂದು ಇಂಚಿಗಾಗಿ ಇನ್ನೊಂದು ಖಣ ಕತ್ತರಿಸಲು ನನಗೆ ಮನಸ್ಸಾಗಲಿಲ್ಲ, ಅದೂ ಯಾರೋ ಪ್ರೀತಿಯಿಂದ ಉಡಿ ತುಂಬಿದ ಖಣ. ಹಳೆಯ ಉಡುಪುಗಳಲ್ಲಿ ಕಂಕುಳಡಿ ತುಂಡು ಕೂಡಿಸುವ ಪದ್ಧತಿಯಿತ್ತಲ್ಲ, ಅದನ್ನೇ ಇಲ್ಲಿಗೂ ತಂದೆ. ತೋಳಿನ ಮುಖ್ಯ ಭಾಗವನ್ನು 14 ಇಂಚಿಗೆ ಇಳಿಸಿ, ಬೆನ್ನಿನ ಖಣದಲ್ಲಿ ಉಳಿದಿದ್ದ 9 ಇಂಚಿನ ಪಟ್ಟಿಯಿಂದ 3 ಇಂಚು ಅಗಲದ ಎರಡು ಪಟ್ಟಿಗಳನ್ನು ತೆಗೆದು ಕಂಕುಳ ಕೆಳಗೆ ಜೋಡಿಸಿದೆ. ಹೊಲಿದ ಮೇಲೆ 13 ಮತ್ತು 2 ಸೇರಿ ಬೇಕಾದ 15 ಇಂಚು ಸಿಗುತ್ತದೆ. ಬೆನ್ನಿನ ಬಣ್ಣವೇ ಕಂಕುಳಲ್ಲಿಯೂ ಬಂದಿದ್ದರಿಂದ, ಕೈ ಎತ್ತಿದಾಗ ಪಕ್ಕದಿಂದ ತೋಳಿನವರೆಗೆ ಅದೊಂದೇ ಗೆರೆಯಾಗಿ ಹರಿಯುತ್ತದೆ. ಕಾಲರ್ ಮತ್ತು ಒಳಪಟ್ಟಿಗಳು ತೋಳಿನ ಖಣದಲ್ಲಿ ಮಿಕ್ಕ 12 ಇಂಚು ಉದ್ದದಲ್ಲಿಯೇ ಹೊರಟವು.

ಯಾವ ಬಣ್ಣ ಎಲ್ಲಿಗೆ ಎಂಬುದನ್ನು ನಿರ್ಧರಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಮುಂಭಾಗಕ್ಕೆ ಗಾಢ ಹಸಿರು, ಬೆನ್ನಿಗೆ ಕುಂಕುಮ ಕೆಂಪು, ತೋಳಿಗೆ ಕಪ್ಪಿಗೆ ಹತ್ತಿರದ ನೀಲಿ. ಮೂರಕ್ಕೂ ಕೆಂಪು ದಡಿಯಿದ್ದ ಖಣಗಳನ್ನೇ ಆರಿಸಿದ್ದರಿಂದ ಅವು ಒಂದಕ್ಕೊಂದು ಹೊಂದಿಕೊಂಡವು.

ಕತ್ತರಿ ಹಾಕುವ ಮೊದಲು ಮಾಡಲೇಬೇಕಾದ ಎರಡು ಪರೀಕ್ಷೆಗಳನ್ನು ಇಲ್ಲಿ ತೋರಿಸುತ್ತೇನೆ. ಖಣದ ಒಂದು ಮೂಲೆಯ ಮೇಲೆ ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೆ ಇಟ್ಟು ಬಿಸಿ ಇಸ್ತ್ರಿಯಿಂದ ಒತ್ತಿದರೆ, ಬಣ್ಣ ಬಿಡುವ ಖಣ ಬಿಳಿ ಬಟ್ಟೆಯ ಮೇಲೆ ಗುರುತು ಮೂಡಿಸುತ್ತದೆ. ಅಂತಹ ಖಣವನ್ನು ತಿಳಿ ಬಣ್ಣದ ಖಣದ ಪಕ್ಕದಲ್ಲಿ ನಾನು ಎಂದೂ ಹೊಲಿಯುವುದಿಲ್ಲ. ಎರಡನೆಯದು ಎಳೆ ಸರಿಯುವ ಪರೀಕ್ಷೆ. ಎರಡು ಚೂರುಗಳನ್ನು ಹೊಲಿದು, ಹೊಲಿಗೆಯ ಎರಡೂ ಕಡೆ ಹಿಡಿದು ಎಳೆದಾಗ ಹೊಲಿಗೆಯ ಪಕ್ಕದಲ್ಲಿ ಎಳೆಗಳು ಬೇರೆಯಾಗಿ ಏಣಿಯ ಹಾಗೆ ಸಂದು ಬಿಟ್ಟರೆ, ಬೆನ್ನು ಮತ್ತು ಕಂಕುಳ ಹೊಲಿಗೆಗಳು ಹಾಕಿಕೊಂಡ ಕೆಲವೇ ದಿನಗಳಲ್ಲಿ ಬಾಯಿ ಬಿಡುತ್ತವೆ. ನಯವಾದ ನೂಲಿನ ಖಣಗಳಲ್ಲಿ ಇದು ಹೆಚ್ಚು. ಹಾಗಿದ್ದಲ್ಲಿ ಹೊಲಿಗೆ ಬೀಳುವ ಜಾಗದ ಹಿಂಭಾಗಕ್ಕೆ ತೆಳುವಾದ ಅಂಟುಪಟ್ಟಿಯನ್ನು ಇಸ್ತ್ರಿಯಿಂದ ಕೂರಿಸಿ, 11ನೆಯ ನಂಬರಿನ ಸಣ್ಣ ಸೂಜಿಯಿಂದ ಹೊಲಿದು, ಮಾರ್ಜಿನ್ ಪೂರ್ತಿ ಒಂದು ಇಂಚು ಉಳಿಸುತ್ತೇನೆ. ಲೈನಿಂಗ್ ಬಟ್ಟೆಯನ್ನು ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿರಬೇಕು, ಇಲ್ಲವಾದರೆ ಮೊದಲ ಒಗೆತಕ್ಕೇ ಅದು ಕುಗ್ಗಿ, ಹೊರಗಿನ ಖಣ ಅಂಚಿನುದ್ದಕ್ಕೂ ಸುಕ್ಕುಗಟ್ಟುತ್ತದೆ.

ಇಷ್ಟೆಲ್ಲ ಆದ ಮೇಲೂ ಪ್ಯಾಟರ್ನ್ ನೇರವಾಗಿ ಖಣಕ್ಕೆ ಹೋಗುವುದಿಲ್ಲ. ಮೊದಲು ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ಕೈಗಳನ್ನು ಮುಂದಕ್ಕೆ ಚಾಚಲು ಹೇಳುತ್ತೇನೆ. ಬೆನ್ನಿನಲ್ಲಿ ಅಡ್ಡ ಎಳೆತ ಕಂಡರೆ ಬೆನ್ನಿನ ಅಗಲ ಸಾಲದು, ತೋಳಿನಲ್ಲಿ ಓರೆ ಸುಕ್ಕು ಬಿದ್ದರೆ ತೋಳನ್ನು ಸ್ವಲ್ಪ ತಿರುಗಿಸಿ ಕೂರಿಸಬೇಕು. ತಿದ್ದುಪಡಿಗಳೆಲ್ಲ ಕೋರಾ ಬಟ್ಟೆಯಿಂದ ಕಾಗದಕ್ಕೆ ಹೋಗುತ್ತವೆ, ಆಮೇಲೆಯೇ ಖಣ ಮೇಜಿಗೆ ಬರುತ್ತದೆ.

ಆ ಶಿಕ್ಷಕಿಯ ಜಾಕೆಟ್ ನೋಡಿ ಅವರ ಬಂಧುಗಳು, ಗೆಳತಿಯರು ತಮ್ಮ ತಮ್ಮ ಖಣಗಳನ್ನು ಹಿಡಿದು ಬಂದರು. ಅಂದಿನಿಂದ ಬಿಲ್ಲಿನಲ್ಲಿ ಹೊಲಿಗೆಯ ಮಜೂರಿ ಬೇರೆ, ವಿನ್ಯಾಸ ಮತ್ತು ಪ್ಯಾಟರ್ನ್‌ನ ದರ ಬೇರೆ ಎಂದು ಬರೆಯತೊಡಗಿದೆ. ಈಗ ಅದೇ ಪ್ಯಾಟರ್ನ್ ಅನ್ನು ಎದೆ ಸುತ್ತಳತೆ 34ರಿಂದ 2 ಇಂಚಿನ ಅಂತರದಲ್ಲಿ ಬೇರೆ ಬೇರೆ ಸೈಜುಗಳಿಗೆ ಬೆಳೆಸಿದ್ದೇನೆ. ಪ್ರತಿ ಸೈಜಿಗೂ ಬೆನ್ನು ಒಂದು ಇಂಚು, ಮುಂಭಾಗದ ಪ್ರತಿ ಭಾಗ ಅರ್ಧ ಇಂಚು ಹೆಚ್ಚುತ್ತದೆ. ಎದೆ ಸುತ್ತಳತೆ 40ರವರೆಗೆ ಮೂರು ಖಣ ಸಾಕು. 42 ಮತ್ತು ಅದಕ್ಕೂ ಮೇಲಿನ ಸೈಜುಗಳಲ್ಲಿ ಮುಂಭಾಗ ಹಿಗ್ಗಿ, ಟಕ್ಸಿಗೆ ಬೇಕಾದ ಜಾಗ ಖಣದಲ್ಲಿ ಸರಿಯಾಗಿ ಉಳಿಯುವುದಿಲ್ಲ. ಅಂತಹವರಿಗೆ ಪಕ್ಕದಲ್ಲಿ ಬೇರೆಯೇ ಒಂದು ಉದ್ದ ಭಾಗವನ್ನು ಜೋಡಿಸುತ್ತೇನೆ, ಅದಕ್ಕೆ ನಾಲ್ಕನೆಯ ಖಣ ಬೇಕು.

ನಿಮ್ಮ ಮನೆಯಲ್ಲಿಯೂ ಉಡಿಯ ಖಣಗಳಿದ್ದರೆ, ತರುವ ಮೊದಲು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಬಹಳ ಕಾಲ ಮಡಿಸಿಟ್ಟ ಖಣ ಮಡಿಕೆಯ ಗೆರೆಯಲ್ಲಿಯೇ ಮೊದಲು ಸವೆಯುತ್ತದೆ. ಆ ಗೆರೆಯಲ್ಲಿ ಬೆಳಕು ತೂರಿ ಬಂದರೆ ಅದನ್ನು ಒಗೆಯದೆ, ಇಸ್ತ್ರಿ ಮಾಡದೆ ಹಾಗೆಯೇ ತನ್ನಿ. ಗೆರೆಯ ಎರಡೂ ಬದಿಗೆ ಗಟ್ಟಿಯಾಗಿರುವ ಭಾಗ ಎಷ್ಟಿದೆ ಎಂದು ಅಳೆದ ಮೇಲೆ, ಅದರಲ್ಲಿ ತೋಳು ಹೊರಡುತ್ತದೆಯೋ ಕಾಲರ್ ಮಾತ್ರವೋ ಎಂದು ಈ ಮೇಜಿನ ಮೇಲೆಯೇ ಪ್ಯಾಟರ್ನ್ ಇಟ್ಟು ತೋರಿಸುತ್ತೇನೆ.