ಕೊನೆಯ ಹತ್ತು ರಾತ್ರಿಗಳಿಗೆ ಒಂದು ದುಆ

ಕೇಳುಗರೇ, ಅಸ್ಸಲಾಮು ಅಲೈಕುಮ್.

ರಂಝಾನಿನ ಇಪ್ಪತ್ತನೆಯ ಉಪವಾಸ ಮುಗಿದು ಮಗ್ರಿಬ್ ಬಾಂಗ್ ಕೇಳಿದ ಕೂಡಲೇ 21ನೇ ರಾತ್ರಿ ಶುರುವಾಯಿತು. ಇಸ್ಲಾಮೀ ಲೆಕ್ಕದಲ್ಲಿ ಹಗಲಿಗಿಂತ ಮೊದಲು ಇರುಳು ಬರುತ್ತದೆ. ಇದನ್ನು ಮರೆತು 27ನೇ ಉಪವಾಸ ಬಿಟ್ಟ ಮೇಲೆ ಎಚ್ಚರವಿರಲು ಕೂತವರು 28ನೇ ರಾತ್ರಿಯಲ್ಲಿ ಕೂತಿರುತ್ತಾರೆ. 27ನೇ ರಾತ್ರಿ ಬೇಕಾದವರು 26ನೇ ಉಪವಾಸ ಬಿಟ್ಟ ಸಂಜೆಯಿಂದಲೇ ಸಿದ್ಧರಿರಬೇಕು. ಲೈಲತುಲ್ ಖದ್ರನ್ನು ಕೊನೆಯ ಹತ್ತರ ಬೆಸ ರಾತ್ರಿಗಳಲ್ಲಿ ಹುಡುಕಿ ಎಂದು ಪ್ರವಾದಿಯವರು ಹೇಳಿದ್ದಾರೆ. ಹಾಗಾಗಿ 21, 23, 25, 29ನ್ನು ಬಿಟ್ಟು ಒಂದೇ ರಾತ್ರಿಗೆ ಕಾಯುವುದು ಸರಿಯಲ್ಲ.

ಆ ರಾತ್ರಿ ಸಿಕ್ಕರೆ ಏನು ಕೇಳಲಿ ಎಂದು ಆಯಿಷಾ ಬೀವಿ ಪ್ರವಾದಿಯವರನ್ನು ಕೇಳಿದರು. ಉತ್ತರವಾಗಿ ಬಂದದ್ದು ಒಂದೇ ಸಾಲು. ತಿರ್ಮಿದಿ ಮತ್ತು ಇಬ್ನುಮಾಜಾ ಗ್ರಂಥಗಳಲ್ಲಿ ಅದು ಇದೆ:

ಅಲ್ಲಾಹುಮ್ಮ ಇನ್ನಕ ಅಫುವ್ವುನ್, ತುಹಿಬ್ಬುಲ್ ಅಫ್ವ, ಫಅಫು ಅನ್ನೀ.

ಅಲ್ಲಾಹನೇ, ನೀನು ಮನ್ನಿಸುವವನು, ಮನ್ನಿಸುವುದನ್ನು ಮೆಚ್ಚುವವನು, ನನ್ನನ್ನು ಮನ್ನಿಸು.

ಇಲ್ಲಿ 'ಅಫ್ವ್' ಎಂಬ ಪದವನ್ನು ನಿಂತು ನೋಡಬೇಕು. 'ಮಗ್ಫಿರತ್' ಎಂದರೂ ಕ್ಷಮೆಯೇ. ಅದರ ಮೂಲದಲ್ಲಿ ಮುಚ್ಚುವ, ಕಾಯುವ ಅರ್ಥವಿದೆ. ಯುದ್ಧದಲ್ಲಿ ತಲೆ ಕಾಯುವ ಶಿರಸ್ತ್ರಾಣಕ್ಕೆ ಅರಬಿಯಲ್ಲಿ 'ಮಿಗ್ಫರ್' ಎನ್ನುತ್ತಾರೆ. ಅಫ್ವ್ ಎಂದರೆ ಅಳಿಸಿಹಾಕುವುದು. ಗಾಳಿ ಬೀಸಿ ಮರಳಿನ ಮೇಲಿನ ಹೆಜ್ಜೆ ಗುರುತು ಮಾಯವಾದರೆ ಅರಬರು ಇದೇ ಧಾತುವನ್ನು ಬಳಸುತ್ತಾರೆ. ನಮ್ಮ ತೋಟದ ಮಣ್ಣುದಾರಿಯಲ್ಲಿ ಮಳೆ ಸುರಿದು ಹೋದ ಮೇಲೆ ಹೆಜ್ಜೆ ಉಳಿಯುವುದಿಲ್ಲವಲ್ಲ, ಹಾಗೆ. ತಪ್ಪು ಮುಚ್ಚಿಹೋಗಲಿ ಎಂದಷ್ಟೇ ಅಲ್ಲ, ಅದರ ಗುರುತೇ ಉಳಿಯದಿರಲಿ ಎಂಬುದು ಈ ಬೇಡಿಕೆ.

ಆದರೆ ಇನ್ನೊಬ್ಬರಿಗೆ ಸಲ್ಲಬೇಕಾದದ್ದು ದುಆದಿಂದ ಅಳಿಯುವುದಿಲ್ಲ. ಮೆಣಸು ಕೊಯ್ದವರ ಕೂಲಿ ಬಾಕಿ ಇದ್ದರೆ, ಸಾಲ ತೀರಿಸದಿದ್ದರೆ ಅದನ್ನು ಕೊಡಬೇಕು; ಮಾತಿನಿಂದ ನೋಯಿಸಿದ್ದರೆ ಅವರಲ್ಲೇ ಕೇಳಿಕೊಳ್ಳಬೇಕು. ಈ ಕೆಲಸ ಹಗಲಲ್ಲೇ ಮುಗಿದಿರಲಿ.

ಕನ್ನಡ ಲಿಪಿಯಲ್ಲಿ ಓದಿ ಕಲಿತವರು ತಪ್ಪುವುದು 'ಐನ್' ಅಕ್ಷರದಲ್ಲಿ. ಗಂಟಲಿನ ನಡುವಿನಿಂದ ಬರುವ ಆ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. 'ಫಅಫು' ಎಂಬಲ್ಲಿ ಅದನ್ನು ನುಂಗಿದರೆ 'ಫಫು' ಆಗುತ್ತದೆ, ಪದವೇ ಹಾಳು. ಕೊನೆಯ 'ಅನ್ನೀ'ಯಲ್ಲಿ ಐನ್ ಹೋಗಿ ಬರೀ 'ಅ' ಉಳಿದರೆ 'ನನ್ನಿಂದ' ಎನ್ನುವ ಬದಲು 'ನಾನು ಎಂದು' ಎಂಬ ಅರ್ಧ ವಾಕ್ಯವಾಗುತ್ತದೆ. 'ಅಫುವ್ವುನ್' ಎಂಬಲ್ಲಿ 'ವ' ಒತ್ತಿ ಬರಬೇಕು. ಉಸ್ತಾದರ ಮುಂದೆ ಎರಡು ಸಲ ಹೇಳಿ ಒಪ್ಪಿಸಿದರೆ ತಿದ್ದಿಕೊಳ್ಳಬಹುದು. ಕೆಲವು ಪುಸ್ತಕಗಳಲ್ಲಿ 'ಅಫುವ್ವುನ್' ಆದ ಮೇಲೆ 'ಕರೀಮುನ್' ಎಂದಿರುತ್ತದೆ. ಉದಾರಿ ಎಂದು ಅರ್ಥ. ತಿರ್ಮಿದಿಯ ಕೆಲವು ಪ್ರತಿಗಳಲ್ಲಿದೆ, ಕೆಲವದರಲ್ಲಿಲ್ಲ. ಅದಕ್ಕಾಗಿ ಜಗಳ ಬೇಡ.

ಒಬ್ಬರೇ ಕೇಳುವಾಗ 'ಅನ್ನೀ', ಜಮಾಅತ್‌ಗೆ ದುಆ ಮಾಡಿಸುವಾಗ 'ಅನ್ನಾ', ಅಂದರೆ ನಮ್ಮನ್ನು. ಗಂಡಸರಿಗೂ ಹೆಂಗಸರಿಗೂ ಪದ ಒಂದೇ. ಮುಟ್ಟಿನ ದಿನಗಳಲ್ಲಿ ನಮಾಝ್ ಇಲ್ಲದಿದ್ದರೂ ದುಆಗೆ ತಡೆಯಿಲ್ಲ, ಆ ಹೆಣ್ಣುಮಕ್ಕಳು ಈ ರಾತ್ರಿಗಳಿಂದ ಹೊರಗಲ್ಲ.

ನಮ್ಮ ಮಸೀದಿಗಳಲ್ಲಿ ಮೂರನೆಯ ಹತ್ತಕ್ಕೆ 'ಅಲ್ಲಾಹುಮ್ಮ ಅಅತಿಕ್ನೀ ಮಿನನ್ನಾರ್' ಎಂದು ಹೇಳುವ ರೂಢಿಯಿದೆ. ನರಕದಿಂದ ನನ್ನನ್ನು ಬಿಡುಗಡೆ ಮಾಡು ಎಂದರ್ಥ, ಒಳ್ಳೆಯ ಬೇಡಿಕೆ. ಆದರೆ ಈ ಹತ್ತಕ್ಕೆಂದೇ ಪ್ರವಾದಿಯವರು ಕಲಿಸಿದ ಸಾಲು ಅದಲ್ಲ. ಅದನ್ನು ಹೇಳಿ, ಆಯಿಷಾ ಬೀವಿಗೆ ಕಲಿಸಿದ್ದನ್ನು ಬಿಡಬೇಡಿ.

ಇನ್ನು ಸಮಯ. ಸೂರ್ಯಾಸ್ತ ಸಂಜೆ 6:35ಕ್ಕೆ, ಸುಬಹಿ ಬೆಳಗ್ಗೆ 5:15ಕ್ಕೆ ಎಂದು ಇಟ್ಟುಕೊಳ್ಳೋಣ. ನಡುವೆ 640 ನಿಮಿಷ. ಮೂರು ಪಾಲು ಮಾಡಿದರೆ ಒಂದೊಂದು ಪಾಲು ಸುಮಾರು 213 ನಿಮಿಷ. 5:15ರಿಂದ ಅಷ್ಟು ಹಿಂದಕ್ಕೆ ಬಂದರೆ 1:42. ರಾತ್ರಿಯ ಕೊನೆಯ ಮೂರನೇ ಪಾಲು ಅಲ್ಲಿಂದ. ಬೆಳಗ್ಗೆ ತೋಟಕ್ಕೆ ಹೋಗಬೇಕಾದವರು ತರಾವೀಹ್ ಮುಗಿಸಿ ಮಲಗಿ, ಸಹರಿಗೆ ಏಳುವ ಹೊತ್ತಿಗಿಂತ ಮುಕ್ಕಾಲು ಗಂಟೆ ಮೊದಲೇ ಎದ್ದರೆ ಆ ಪಾಲಿನಲ್ಲೇ ಇರುತ್ತಾರೆ. ಎರಡು ರಕಅತ್ ನಮಾಝ್, ಸುಜೂದಿನಲ್ಲಿ ಈ ದುಆ, ಸಲಾಂ ಹೇಳಿದ ಮೇಲೆ ಕೈ ಎತ್ತಿ ಮತ್ತೆ ಅದೇ. ಎಷ್ಟು ಸಲ ಎಂಬ ಲೆಕ್ಕ ಹದೀಸಿನಲ್ಲಿಲ್ಲ. ಶಾಫಿಈ ಮದ್ಹಬ್‌ನಲ್ಲಿ ನಮಾಝಿನೊಳಗೆ ಅರಬಿಯನ್ನೇ ಬಳಸಬೇಕು. ಮಕ್ಕಳ ಹೆಸರು, ಕಾಯಿಲೆ, ಸಾಲ, ಇವನ್ನೆಲ್ಲ ಸಲಾಂ ಆದ ಮೇಲೆ ಕನ್ನಡದಲ್ಲೋ ಮಲಯಾಳದಲ್ಲೋ ಕೊಡವ ತಕ್ಕಿನಲ್ಲೋ ಹೇಳಿಕೊಳ್ಳಿ.

ಎದ್ದೇಳಲು ಆಗದ ದಿನವೂ ಬರುತ್ತದೆ. ಇಶಾ ಜಮಾಅತ್‌ನಲ್ಲಿ ನಿರ್ವಹಿಸಿದವನಿಗೆ ಅರ್ಧ ರಾತ್ರಿ ನಿಂತಂತೆ, ಸುಬಹಿಯನ್ನೂ ಜಮಾಅತ್‌ನಲ್ಲಿ ನಿರ್ವಹಿಸಿದರೆ ಇಡೀ ರಾತ್ರಿ ನಿಂತಂತೆ ಎಂಬ ಹದೀಸ್ ಉಸ್ಮಾನ್ ಅವರಿಂದ ಬಂದಿದೆ, ಮುಸ್ಲಿಂ ಗ್ರಂಥದಲ್ಲಿದೆ. ಹತ್ತೂ ದಿನ ಆ ಎರಡು ಜಮಾಅತ್ ಹಿಡಿದುಕೊಳ್ಳಿ. ನಡೆದು ಹೋಗುವ ದಾರಿಯಲ್ಲಿ ಆ ಒಂದು ಸಾಲು ನಾಲಿಗೆಯ ಮೇಲಿರಲಿ.